ಬಜ್ಜಿಗೊಂದು, ಒಗ್ಗರಣೆಗೊಂದು, ಚಟ್ನಿಪುಡಿಗೊಂದು: ಯಾವ ಅಡುಗೆಗೆ ಯಾವ ಎಣ್ಣೆ? ಹೊಗೆಯೇ ಹೇಳುತ್ತದೆ ಉತ್ತರ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಎಣ್ಣೆ ಕೊಳ್ಳಲು ಹೋದವರ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ರಿಫೈನ್ಡ್ ಎಣ್ಣೆಯ ಪ್ಯಾಕೆಟ್‌ಗಳು. ಇನ್ನೊಂದು, ತೆಲುಗರು 'ಗಾನುಗ ನೂನೆ' ಎನ್ನುವ, ನಾವು ಗಾಣದ ಎಣ್ಣೆ ಎನ್ನುವ ಘಮಘಮಿಸುವ ಶೇಂಗಾ ಎಣ್ಣೆ ಮತ್ತು ಎಳ್ಳೆಣ್ಣೆ. ಬೆಂಗಳೂರಿನ ಮಲ್ಲೇಶ್ವರದಲ್ಲಾಗಲಿ, ಹುಬ್ಬಳ್ಳಿಯ ಪೇಟೆಯಲ್ಲಾಗಲಿ ಈಗ ಇದೇ ಚಿತ್ರ. ಒಬ್ಬರು ರಿಫೈನ್ಡ್ ಎಣ್ಣೆ ಮುಟ್ಟಲೇಬೇಡಿ ಎನ್ನುತ್ತಾರೆ, ಮತ್ತೊಬ್ಬರು ಗಾಣದ ಎಣ್ಣೆಯಲ್ಲಿ ಕರಿದರೆ ಹೊಗೆ ಎದ್ದು ಕೆಡುತ್ತದೆ ಎನ್ನುತ್ತಾರೆ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಎಣ್ಣೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗಿಂತ ಅದನ್ನು ಎಷ್ಟು ಬಿಸಿ ಮಾಡುತ್ತೀರಿ, ಎಷ್ಟು ಹೊತ್ತು ಬಿಸಿಯಲ್ಲಿ ಇಡುತ್ತೀರಿ ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಕರಾವಳಿ ಆಂಧ್ರದ ಅಡುಗೆಮನೆಯಲ್ಲಿ ಸಂಜೆಯ ಮಿರಪಕಾಯ ಬಜ್ಜಿಗೆ ಬಾಣಲೆ ತುಂಬ ಎಣ್ಣೆ ಬೇಕು, ಬೇಳೆ ಸಾರಿನ ಒಗ್ಗರಣೆಗೆ ಎರಡು ಚಮಚ ಸಾಕು, ಆವಕಾಯ ಉಪ್ಪಿನಕಾಯಿಗೆ ಎಣ್ಣೆಯನ್ನು ಕಾಯಿಸದೆ ಹಸಿಯಾಗಿಯೇ ಸುರಿಯುತ್ತಾರೆ. ಈ ಮೂರು ಕೆಲಸಗಳಿಗೆ ಎಣ್ಣೆಯಿಂದ ಬೇಕಾದ ಗುಣಗಳು ಮೂರು ಬಗೆ.

ಹೊಗೆ ಬಿಂದು ಎಂದರೇನು?

ಎಣ್ಣೆಯನ್ನು ಕಾಯಿಸುತ್ತಾ ಹೋದರೆ ಒಂದು ಹಂತದಲ್ಲಿ ಅದರ ಮೇಲಿಂದ ತೆಳುವಾದ ನೀಲಿ ಛಾಯೆಯ ಹೊಗೆ ನಿಲ್ಲದೆ ಏಳತೊಡಗುತ್ತದೆ. ಆ ಉಷ್ಣಾಂಶವೇ ಹೊಗೆ ಬಿಂದು, ಅಂದರೆ ಸ್ಮೋಕ್ ಪಾಯಿಂಟ್. ಇದು ಎಣ್ಣೆ ಕುದಿಯುವ ಹಂತವಲ್ಲ. ಎಣ್ಣೆಯ ಅಣುಗಳು ಒಡೆದು ಆವಿಯಾಗಿ ಹೊರಬರುತ್ತಿರುವ ಹಂತ. ಆ ಹೊಗೆಗೆ ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಮುಖ್ಯವಾಗಿ ಆಕ್ರೋಲೀನ್ ಎಂಬ ವಸ್ತುವಿನಿಂದ. ಎಣ್ಣೆಯಲ್ಲಿರುವ ಗ್ಲಿಸರಾಲ್ ಸುಟ್ಟು ಒಡೆದಾಗ ಇದು ಹುಟ್ಟುತ್ತದೆ. ಅಂಥ ಎಣ್ಣೆಯಲ್ಲಿ ಮಾಡಿದ ತಿಂಡಿಗೂ ಕಮಟು ಕಹಿ ಅಂಟಿಕೊಳ್ಳುತ್ತದೆ.

ಒಂದೇ ಶೇಂಗಾದಿಂದ ತೆಗೆದ ಎರಡು ಎಣ್ಣೆಗಳನ್ನು ಹೋಲಿಸಿದರೆ ವಿಷಯ ಬೇಗ ಅರ್ಥವಾಗುತ್ತದೆ. ಗಾಣದಿಂದ ತೆಗೆದು ಬರೀ ಸೋಸಿದ ಶೇಂಗಾ ಎಣ್ಣೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಗೆಯಾಡತೊಡಗುತ್ತದೆ. ಅದೇ ಎಣ್ಣೆಯನ್ನು ರಿಫೈನ್ ಮಾಡಿದರೆ 225ರಿಂದ 230 ಡಿಗ್ರಿವರೆಗೂ ಹೊಗೆ ಬರುವುದಿಲ್ಲ. ಕಾಳು ಅದೇ, ಕೊಬ್ಬು ಅದೇ. ಆದರೂ ನಡುವೆ ಸುಮಾರು 65 ಡಿಗ್ರಿಗಳ ಅಂತರ. ಈ ಅಂತರ ಎಲ್ಲಿಂದ ಬಂತು ಎಂದು ತಿಳಿದರೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ರಿಫೈನರಿ ಏನನ್ನು ತೆಗೆಯುತ್ತದೆ?

ಎಣ್ಣೆಯ ಒಂದು ಅಣುವೆಂದರೆ ಗ್ಲಿಸರಾಲ್ ಎಂಬ ಬೆನ್ನೆಲುಬಿಗೆ ಮೂರು ಕೊಬ್ಬಿನಾಮ್ಲಗಳು ಜೋಡಿಸಿಕೊಂಡಿರುವ ರಚನೆ. ಕಾಳನ್ನು ಅರೆಯುವಾಗ, ಕಾಳು ತೇವವಾಗಿದ್ದಾಗ ಅಥವಾ ಹಳೆಯದಾದಾಗ ಕೆಲವು ಕೊಬ್ಬಿನಾಮ್ಲಗಳು ಈ ಜೋಡಣೆಯಿಂದ ಕಳಚಿ ಬಿಡಿಯಾಗಿ ಉಳಿಯುತ್ತವೆ. ಹೀಗೆ ಬಿಡಿಯಾದ ಆಮ್ಲಗಳು ಇಡೀ ಅಣುವಿಗಿಂತ ಬೇಗ ಆವಿಯಾಗುತ್ತವೆ. ಹೊಗೆ ಬಿಂದುವನ್ನು ನಿರ್ಧರಿಸುವುದರಲ್ಲಿ ಇವುಗಳದ್ದೇ ದೊಡ್ಡ ಪಾತ್ರ. ಬಿಡಿ ಆಮ್ಲಗಳು ಶೇಕಡಾ 0.05ರ ಆಸುಪಾಸಿನಲ್ಲಿದ್ದರೆ ಎಣ್ಣೆ ಸುಮಾರು 220 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ. ಅದು ಶೇಕಡಾ 1ಕ್ಕೆ ಏರಿದರೆ 160ರ ಆಸುಪಾಸಿನಲ್ಲೇ ಹೊಗೆ ಶುರುವಾಗುತ್ತದೆ.

ಆಂಧ್ರದ ಕಾಕಿನಾಡ ಬಂದರಿನ ಸುತ್ತಮುತ್ತ ಖಾದ್ಯ ತೈಲದ ರಿಫೈನರಿಗಳಿವೆ. ಹೊರದೇಶದಿಂದ ಹಡಗಿನಲ್ಲಿ ಬರುವ ಕಚ್ಚಾ ಎಣ್ಣೆ ಇಂಥ ಕಡೆ ಶುದ್ಧವಾಗಿ ಪ್ಯಾಕೆಟ್ ಸೇರುತ್ತದೆ. ಅಲ್ಲಿ ನಡೆಯುವ ಕೆಲಸ ಸ್ಥೂಲವಾಗಿ ಹೀಗಿರುತ್ತದೆ. ಮೊದಲು ಎಣ್ಣೆಯಲ್ಲಿರುವ ಅಂಟಿನಂಥ ಪದಾರ್ಥವನ್ನು ನೀರು ಅಥವಾ ಆಮ್ಲ ಸೇರಿಸಿ ಬೇರ್ಪಡಿಸುತ್ತಾರೆ. ಆಮೇಲೆ ಕಾಸ್ಟಿಕ್ ಸೋಡಾ ಬೆರೆಸಿ ಬಿಡಿ ಆಮ್ಲಗಳನ್ನು ಸೋಪಾಗಿಸಿ ತೆಗೆಯುತ್ತಾರೆ. ನಂತರ ವಿಶೇಷ ಜೇಡಿಮಣ್ಣಿನ ಮೂಲಕ ಹಾಯಿಸಿ ಬಣ್ಣ ತೆಗೆಯುತ್ತಾರೆ. ಸೂರ್ಯಕಾಂತಿ ಮತ್ತು ಅಕ್ಕಿ ತವುಡಿನ ಎಣ್ಣೆಯಲ್ಲಿ ಮೇಣದ ಅಂಶವೂ ಇರುವುದರಿಂದ ತಣ್ಣಗೆ ಮಾಡಿ ಅದನ್ನೂ ಸೋಸುತ್ತಾರೆ. ಕೊನೆಯಲ್ಲಿ ಗಾಳಿ ತೆಗೆದ ದೊಡ್ಡ ಪಾತ್ರೆಯಲ್ಲಿ 220ರಿಂದ 250 ಡಿಗ್ರಿ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆಯನ್ನೂ, ಉಳಿದ ಬಿಡಿ ಆಮ್ಲವನ್ನೂ ಹೊರಹಾಕುತ್ತಾರೆ. ತಾಳೆ ಎಣ್ಣೆಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾದ ಹಂತವನ್ನು ಬಿಟ್ಟು ಈ ಕೊನೆಯ ಹಬೆಯಲ್ಲೇ ಆಮ್ಲ ತೆಗೆಯುವುದುಂಟು.

ಹೊಗೆಯಾಗುವ ವಸ್ತು ಹೋದದ್ದರಿಂದ ಹೊಗೆ ಬಿಂದು ಮೇಲೇರುತ್ತದೆ. ಆದರೆ ಅದರ ಜೊತೆಗೇ ಶೇಂಗಾದ ಪರಿಮಳ, ಎಳ್ಳಿನ ಘಾಟು, ಬಣ್ಣ, ಒಂದಷ್ಟು ವಿಟಮಿನ್ ಇ ಕೂಡ ಹೋಗುತ್ತವೆ. ಹೀಗಾಗಿ ರಿಫೈನ್ಡ್ ಎಣ್ಣೆ ಬಿಸಿ ತಡೆಯುವ ಎಣ್ಣೆ, ಗಾಣದ ಎಣ್ಣೆ ರುಚಿ ಕೊಡುವ ಎಣ್ಣೆ. ಒಂದರಿಂದ ಇನ್ನೊಂದರ ಕೆಲಸ ಬಯಸಿದಾಗ ತೊಂದರೆ ಶುರುವಾಗುತ್ತದೆ.

ಮನೆಯಲ್ಲೇ ನಡೆಯುವ ರಿಫೈನಿಂಗ್ ಒಂದಿದೆ. ಅದು ಬೆಣ್ಣೆ ಕಾಯಿಸುವುದು. ಬೆಣ್ಣೆಯಲ್ಲಿ ನೀರು ಮತ್ತು ಹಾಲಿನ ಗಷ್ಟು ಇರುವುದರಿಂದ ಅದು 150 ಡಿಗ್ರಿಯ ಆಸುಪಾಸಿನಲ್ಲೇ ಕಪ್ಪಾಗಿ ಹೊಗೆಯಾಡುತ್ತದೆ. ಕಾಯಿಸಿ, ಗಷ್ಟನ್ನು ಸೋಸಿ ತೆಗೆದ ತುಪ್ಪ ಸುಮಾರು 250 ಡಿಗ್ರಿವರೆಗೆ ತಡೆಯುತ್ತದೆ. ಗಷ್ಟು ತಳದಲ್ಲಿ ಉಳಿದ ತುಪ್ಪವನ್ನು ಒಗ್ಗರಣೆಗೆ ಹಾಕಿದರೆ ಬೇಗ ಸೀದು ಹೋಗುವುದು ಇದೇ ಕಾರಣಕ್ಕೆ.

ಕೊಳ್ಳುವಾಗ ಪ್ಯಾಕೆಟ್ ಮೇಲಿನ ಪದ ನೋಡಿ

'ಫಿಲ್ಟರ್ಡ್', 'ಡಬಲ್ ಫಿಲ್ಟರ್ಡ್' ಎಂದು ಬರೆದಿದ್ದರೆ ಅದು ರಿಫೈನ್ಡ್ ಎಣ್ಣೆ ಎಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಫಿಲ್ಟರ್ ಎಂದರೆ ಬಟ್ಟೆ ಅಥವಾ ಯಂತ್ರದಲ್ಲಿ ಸೋಸಿ ಹಿಂಡಿಯ ಪುಡಿಯನ್ನು ತೆಗೆದದ್ದು ಅಷ್ಟೆ. ಎಣ್ಣೆಯಲ್ಲಿ ಕರಗಿರುವ ಬಿಡಿ ಆಮ್ಲಗಳು ಯಾವ ಬಟ್ಟೆಗೂ ಸಿಕ್ಕುವುದಿಲ್ಲ. ಆದ್ದರಿಂದ ಎರಡು ಸಲ ಸೋಸಿದ ಎಣ್ಣೆಯ ಹೊಗೆ ಬಿಂದುವೂ ಗಾಣದ ಎಣ್ಣೆಯ ಹತ್ತಿರವೇ ಇರುತ್ತದೆ. ಎರಡು ಎಣ್ಣೆ ಬೆರೆಸಿದ ಪ್ಯಾಕೆಟ್ ಆಗಿದ್ದರೆ ಯಾವುದು ಎಷ್ಟು ಶೇಕಡಾ ಎಂದು ಅದರ ಮೇಲೆ ನಮೂದಿಸಿರಬೇಕು. ದೊಡ್ಡ ಅಕ್ಷರದಲ್ಲಿರುವ ಹೆಸರಿಗಿಂತ ಈ ಸಣ್ಣ ಸಾಲು ಹೆಚ್ಚು ಹೇಳುತ್ತದೆ.

ಇನ್ನೊಂದು ಮಾತು. ಹೊಗೆ ಬಿಂದುವಿನ ಪಟ್ಟಿಗಳಲ್ಲಿ ಕಾಣುವ ಅಂಕಿಗಳು ಅಂದಾಜು. ಅದೇ ಊರಿನ ಅದೇ ಗಾಣದಲ್ಲಿ ಹೊಸ ಶೇಂಗಾದಿಂದ ತೆಗೆದ ಎಣ್ಣೆಗೂ, ಮಳೆಗೆ ನೆಂದ ಶೇಂಗಾದಿಂದ ತೆಗೆದ ಎಣ್ಣೆಗೂ ಹತ್ತಾರು ಡಿಗ್ರಿ ವ್ಯತ್ಯಾಸ ಬರಬಹುದು. ನಿಮ್ಮ ಬಾಣಲೆಯಲ್ಲಿರುವ ಎಣ್ಣೆ ಯಾವಾಗ ಹೊಗೆಯಾಡುತ್ತದೆ ಎಂಬುದೇ ಕೊನೆಯ ಮಾತು.

ಕರಿಯುವುದಕ್ಕೆ: ಹೊಗೆ ಬಿಂದು ಒಂದೇ ಸಾಲದು

ಬಜ್ಜಿ, ಪೂರಿ, ಪಕೋಡ, ಇಡ್ಲಿ ಹಿಟ್ಟಿನಿಂದ ಮಾಡುವ ಪುನುಗುಲು ಎಲ್ಲವೂ ಚೆನ್ನಾಗಿ ಬರುವುದು ಎಣ್ಣೆ 170ರಿಂದ 190 ಡಿಗ್ರಿಯೊಳಗೆ ಇದ್ದಾಗ. ಆದ್ದರಿಂದ 160 ಡಿಗ್ರಿಯಲ್ಲೇ ಹೊಗೆಯಾಡುವ ಎಣ್ಣೆ ಈ ಕೆಲಸಕ್ಕೆ ಒದಗುವುದಿಲ್ಲ. ಹೊಗೆ ಬಾರದಿರಲೆಂದು ಉರಿ ತಗ್ಗಿಸಿದರೆ ಬಜ್ಜಿ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಉರಿ ಏರಿಸಿದರೆ ಅಡುಗೆಮನೆ ತುಂಬ ಹೊಗೆ. ಕರಿಯುವ ಬಿಸಿಗಿಂತ ಕನಿಷ್ಠ 30ರಿಂದ 40 ಡಿಗ್ರಿ ಮೇಲೆ ಹೊಗೆ ಬಿಂದು ಇರುವ ಎಣ್ಣೆ ಬೇಕು. ರಿಫೈನ್ಡ್ ಶೇಂಗಾ, ತಾಳೆಯಿಂದ ತೆಗೆದ ಪಾಮೋಲೀನ್, ಅಕ್ಕಿ ತವುಡಿನ ಎಣ್ಣೆ, ಸೂರ್ಯಕಾಂತಿ ಎಲ್ಲವೂ ರಿಫೈನ್ ಆದಾಗ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ.

ಆದರೆ ಇಲ್ಲಿಗೆ ಮುಗಿಯಲಿಲ್ಲ. ಕರಿಯುವಾಗ ಎಣ್ಣೆ ಅರ್ಧ ಗಂಟೆ, ಒಂದು ಗಂಟೆ ಗಾಳಿಗೆ ತೆರೆದುಕೊಂಡು ಕಾಯುತ್ತಿರುತ್ತದೆ. ಆಗ ಗಾಳಿಯ ಆಮ್ಲಜನಕ ಎಣ್ಣೆಯನ್ನು ಕೆಡಿಸುತ್ತದೆ. ಯಾವ ಎಣ್ಣೆ ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ಹೊಗೆ ಬಿಂದು ಹೇಳುವುದಿಲ್ಲ. ಅದನ್ನು ಹೇಳುವುದು ಎಣ್ಣೆಯ ಒಳರಚನೆ. ಲಿನೋಲಿಕ್ ಆಮ್ಲ ಹೆಚ್ಚಿರುವ ಎಣ್ಣೆ ಆಮ್ಲಜನಕಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಇದು ಸುಮಾರು ಶೇಕಡಾ 60, ಸಾಮಾನ್ಯ ಕುಸುಬೆಯಲ್ಲಿ ಸುಮಾರು 75. ಶೇಂಗಾ ಮತ್ತು ಅಕ್ಕಿ ತವುಡಿನ ಎಣ್ಣೆಗಳಲ್ಲಿ ಮೂರನೇ ಒಂದರ ಆಸುಪಾಸು. ಪಾಮೋಲೀನ್‌ನಲ್ಲಿ ಇನ್ನೂ ಕಡಿಮೆ.

ಇದರ ಅರ್ಥ ಇಷ್ಟೆ. ರಿಫೈನ್ಡ್ ಸೂರ್ಯಕಾಂತಿ ಮತ್ತು ರಿಫೈನ್ಡ್ ಶೇಂಗಾ ಎಣ್ಣೆಗಳ ಹೊಗೆ ಬಿಂದು ಹೆಚ್ಚು ಕಡಿಮೆ ಒಂದೇ. ಒಂದು ಸಲ ಪೂರಿ ಕರಿಯುವುದಕ್ಕೆ ಎರಡೂ ಆದೀತು. ಆದರೆ ಹಬ್ಬದ ದಿನ ಗಂಟೆಗಟ್ಟಲೆ ಚಕ್ಕುಲಿ, ಕೋಡುಬಳೆ ಕರಿಯುವಾಗ ಸೂರ್ಯಕಾಂತಿ ಎಣ್ಣೆ ಬೇಗ ದಪ್ಪವಾಗಿ, ನೊರೆ ಕಟ್ಟಿ, ಬಾಣಲೆಯ ಅಂಚಿಗೆ ವಾರ್ನಿಶ್‌ನಂತೆ ಅಂಟಿಕೊಳ್ಳುತ್ತದೆ. ಶೇಂಗಾ ಅಥವಾ ತವುಡಿನ ಎಣ್ಣೆ ಹೆಚ್ಚು ಹೊತ್ತು ತಾಳುತ್ತದೆ. ಪಾಮೋಲೀನ್ ಅದಕ್ಕಿಂತಲೂ ಹೆಚ್ಚು ತಾಳುತ್ತದೆ. ಬಜ್ಜಿ ಬಂಡಿಗಳು, ಚಿಪ್ಸ್ ಅಂಗಡಿಗಳು ಅದನ್ನು ಬಳಸುವುದಕ್ಕೆ ಬೆಲೆಯ ಜೊತೆಗೆ ಇದೂ ಒಂದು ಕಾರಣ. ಆದರೆ ಪಾಮೋಲೀನ್‌ನಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇಕಡಾ 40ಕ್ಕೂ ಹೆಚ್ಚು. ಬಾಣಲೆಗೆ ಒಗ್ಗುವ ಗುಣ ಬೇರೆ, ದಿನವೂ ತಿನ್ನುವುದಕ್ಕೆ ಒಗ್ಗುವ ಗುಣ ಬೇರೆ ಎಂಬುದು ನೆನಪಿರಲಿ.

ರಿಫೈನರಿ ತೆಗೆದದ್ದನ್ನು ಬಾಣಲೆ ಮತ್ತೆ ತಂದಿಡುತ್ತದೆ

ಈಗ ಒಂದು ಲೀಟರ್ ರಿಫೈನ್ಡ್ ಶೇಂಗಾ ಎಣ್ಣೆಯ ಕಥೆ ನೋಡೋಣ. ಸಂಜೆ ಮಿರಪಕಾಯ ಬಜ್ಜಿಗೆಂದು ಅದನ್ನು ಕಬ್ಬಿಣದ ಬಾಣಲೆಗೆ ಸುರಿದಿದ್ದೀರಿ. ಮಧ್ಯಮ ಉರಿಯಲ್ಲಿ ಕಾಯುತ್ತಿರುವ ಎಣ್ಣೆಗೆ ಒಂದು ಹನಿ ಕಡಲೆಹಿಟ್ಟು ಬಿಡಿ. ಅದು ತಳದಲ್ಲೇ ಕೂತು ನಿಧಾನವಾಗಿ ಗುಳ್ಳೆ ಬಿಟ್ಟರೆ ಎಣ್ಣೆ ಇನ್ನೂ ಕಾದಿಲ್ಲ. ಮುಳುಗಿ ತಕ್ಷಣ ಮೇಲೆದ್ದು ಚುರುಚುರು ಎಂದರೆ ಹದ ಬಂದಿದೆ. ಬಿದ್ದ ಕೂಡಲೇ ಕಂದು ಬಣ್ಣಕ್ಕೆ ತಿರುಗಿದರೆ ಹದ ಮೀರಿದೆ. ಕಿಚನ್ ಥರ್ಮಾಮೀಟರ್ ಇದ್ದರೆ 180 ಡಿಗ್ರಿಗೆ ನಿಲ್ಲಿಸಿದರಾಯಿತು.

ಒಂದು ಲೀಟರ್ ಎಣ್ಣೆಗೆ ಒಂದು ಸಲಕ್ಕೆ ಐದಾರು ಬಜ್ಜಿ ಸಾಕು. ಹೆಚ್ಚು ಹಾಕಿದರೆ ಎಣ್ಣೆಯ ಬಿಸಿ ದಿಢೀರನೆ ಇಳಿಯುತ್ತದೆ, ಬಜ್ಜಿ ಎಣ್ಣೆ ಹೀರುತ್ತದೆ. ಒಂದು ಒಬ್ಬೆ ತೆಗೆದ ಮೇಲೆ ಅರ್ಧ ನಿಮಿಷ ಬಿಟ್ಟು, ಬಿಸಿ ಮರಳಿ ಬಂದ ಮೇಲೆ ಮುಂದಿನದು.

ಬಜ್ಜಿ ಎಣ್ಣೆಗೆ ಬಿದ್ದಾಗ ಏಳುವ ಗುಳ್ಳೆಗಳೆಲ್ಲ ಹಿಟ್ಟು ಮತ್ತು ಮೆಣಸಿನಕಾಯಿಯ ನೀರು ಆವಿಯಾಗಿ ಹೊರಬರುತ್ತಿರುವುದು. ಬಿಸಿ ಎಣ್ಣೆಯ ಮೂಲಕ ಹಾಯುವ ಈ ಆವಿ ಎಣ್ಣೆಯ ಅಣುಗಳನ್ನು ಒಡೆದು ಕೊಬ್ಬಿನಾಮ್ಲಗಳನ್ನು ಮತ್ತೆ ಬಿಡಿಯಾಗಿಸುತ್ತದೆ. ರಿಫೈನರಿಯಲ್ಲಿ ಕಷ್ಟಪಟ್ಟು ತೆಗೆದ ವಸ್ತುವನ್ನೇ ನಿಮ್ಮ ಬಾಣಲೆ ಮತ್ತೆ ಹುಟ್ಟಿಸುತ್ತಿದೆ. ಪ್ರತಿ ಸಲ ಕರಿದಾಗಲೂ ಹೊಗೆ ಬಿಂದು ಒಂದಿಷ್ಟು ಇಳಿಯುತ್ತದೆ. ಕೊನೆಗೆ ಒಂದು ದಿನ, ಎಂದಿನ ಉರಿಯಲ್ಲಿ, ಎಂದಿನ ಬಿಸಿಯಲ್ಲೇ ಎಣ್ಣೆ ಹೊಗೆಯಾಡತೊಡಗುತ್ತದೆ. ಪ್ಯಾಕೆಟ್‌ನಿಂದ ಸುರಿಯುವಾಗ 225 ಡಿಗ್ರಿ ತಾಳುತ್ತಿದ್ದ ಎಣ್ಣೆ ಆ ದಿನ 180 ಕೂಡ ತಾಳುತ್ತಿಲ್ಲ ಎಂದು ಅದರ ಅರ್ಥ.

ಆದ್ದರಿಂದ ಕರಿದು ಉಳಿದ ಎಣ್ಣೆಯನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂಬುದು ಯಾವ ಎಣ್ಣೆ ಕೊಂಡಿರಿ ಎಂಬಷ್ಟೇ ಮುಖ್ಯ. ಕರಿದು ಮುಗಿದ ತಕ್ಷಣ ಒಲೆ ಆರಿಸಿ. ತಣಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಕರಿದ ಹಿಟ್ಟಿನ ಚೂರು ಉಳಿಯದಂತೆ ತೆಗೆಯಿರಿ. ಈ ಚೂರುಗಳು ಮುಂದಿನ ಸಲ ಸುಟ್ಟು ಎಣ್ಣೆಯನ್ನು ಇನ್ನೂ ಬೇಗ ಕೆಡಿಸುತ್ತವೆ. ಬೆಳಕು ಬೀಳದ ಕಡೆ ಮುಚ್ಚಿಟ್ಟು ಎರಡು ಮೂರು ದಿನದೊಳಗೆ ಪಲ್ಯಕ್ಕೋ ಸಾಗುವಿಗೋ ಬಳಸಿ ಮುಗಿಸಿ. ಹಳೆಯ ಎಣ್ಣೆಗೆ ಹೊಸ ಎಣ್ಣೆ ಸುರಿದು ಮತ್ತೆ ಕರಿಯುವುದು ಬೇಡ. ಹಳೆಯದರಲ್ಲಿ ಹುಟ್ಟಿದ ವಸ್ತುಗಳು ಹೊಸದನ್ನೂ ಬೇಗ ಕೆಡಿಸುತ್ತವೆ.

ಹೋಟೆಲು, ಬಂಡಿಗಳಿಗೆ ಕಾನೂನೇ ಒಂದು ಗೆರೆ ಎಳೆದಿದೆ. ಕಾದು ಕಾದು ಒಡೆದ ಎಣ್ಣೆಯಲ್ಲಿ ಹುಟ್ಟುವ ವಸ್ತುಗಳನ್ನೆಲ್ಲ ಸೇರಿಸಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಎನ್ನುತ್ತಾರೆ. ಇದು ಶೇಕಡಾ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಿಸಿ ಎಣ್ಣೆಯಲ್ಲಿ ಅದ್ದಿ ಈ ಪ್ರಮಾಣ ತೋರಿಸುವ ಮೀಟರ್‌ಗಳೂ ಇವೆ. ಬಳಸಿ ಮುಗಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ತಯಾರಿಗೆ ಕಳಿಸುವ 'ರುಕೊ' ಎಂಬ ಕಾರ್ಯಕ್ರಮವನ್ನು ಅದೇ ವರ್ಷ ಈ ಪ್ರಾಧಿಕಾರ ಆರಂಭಿಸಿತು.

ಮನೆಯಲ್ಲಿ ಮೀಟರ್ ಇರುವುದಿಲ್ಲ. ಅಲ್ಲಿ ಕಣ್ಣು ಮೂಗುಗಳೇ ಮೀಟರ್. ತಿಂಡಿ ತೆಗೆದ ಮೇಲೂ ಎಣ್ಣೆಯ ಮೇಲೆ ಸಣ್ಣ ನೊರೆ ನಿಂತೇ ಇದ್ದರೆ, ತಣಿದ ಎಣ್ಣೆ ಸೌಟಿನಿಂದ ಜೇನಿನಂತೆ ಇಳಿದರೆ, ಮೀನಿನಂಥ ಅಥವಾ ಬಣ್ಣದ ಡಬ್ಬಿಯಂಥ ವಾಸನೆ ಬಂದರೆ, ಕರಿಯುವ ಬಿಸಿಯಲ್ಲೇ ಹೊಗೆ ಎದ್ದರೆ ಅದನ್ನು ಎಸೆಯುವ ಹೊತ್ತು ಬಂದಿದೆ. ಬಣ್ಣ ಒಂದನ್ನೇ ನಂಬಬೇಡಿ. ಬೆಲ್ಲ ಹಾಕಿದ ಕಜ್ಜಾಯ ಕರಿದರೆ ಒಳ್ಳೆಯ ಎಣ್ಣೆಯೂ ಒಂದೇ ಸಲಕ್ಕೆ ಕಪ್ಪಾಗುತ್ತದೆ. ಹಪ್ಪಳ ಮಾತ್ರ ಕರಿದ ಎಣ್ಣೆ ಕೆಟ್ಟರೂ ತಿಳಿಯಾಗಿ ಕಾಣಬಹುದು. ಎಸೆಯುವಾಗ ಸಿಂಕಿಗೆ ಸುರಿಯದೆ ಬಾಟಲಿಯಲ್ಲಿ ಮುಚ್ಚಿ ಹಾಕಿ. ಸಿಂಕಿಗೆ ಹೋದ ಎಣ್ಣೆ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಹೊಗೆಯಾಡುತ್ತಿರುವ ಎಣ್ಣೆಯನ್ನು ಹಾಗೇ ಉರಿಯ ಮೇಲೆ ಬಿಟ್ಟು ಹೋದರೆ ಮುಂದಿನ ಹಂತ ಬೆಂಕಿ. ಬಾಣಲೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಗ್ಯಾಸ್ ಆರಿಸಿ, ಬಾಣಲೆಯನ್ನು ಅಲುಗಾಡಿಸದೆ ಅಗಲವಾದ ತಟ್ಟೆಯಿಂದ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯದಿರಿ.

ಒಗ್ಗರಣೆಗೆ: ಬಿಸಿ ಹೆಚ್ಚು, ಹೊತ್ತು ಕಡಿಮೆ

ಒಗ್ಗರಣೆಯಲ್ಲಿ ಲೆಕ್ಕ ಬೇರೆ. ಎಣ್ಣೆ ಒಂದೆರಡು ಚಮಚ, ಕೆಲಸ ಒಂದೆರಡು ನಿಮಿಷ, ಮರುಬಳಕೆ ಇಲ್ಲ. ಆದ್ದರಿಂದ ಎಣ್ಣೆ ಎಷ್ಟು ಗಂಟೆ ತಾಳುತ್ತದೆ ಎಂಬ ಪ್ರಶ್ನೆಯೇ ಇಲ್ಲ. ಇಲ್ಲಿ ಎಣ್ಣೆಗೆ ಎರಡು ಕೆಲಸ. ಸಾಸಿವೆ ಸಿಡಿಯುವಷ್ಟು ಬಿಸಿ ಒದಗಿಸುವುದು, ಆಮೇಲೆ ಸಾಸಿವೆ, ಇಂಗು, ಕರಿಬೇವಿನ ಪರಿಮಳವನ್ನು ಹೀರಿ ಸಾರಿಗೆ ಸೇರಿಸುವುದು. ಪರಿಮಳವುಳ್ಳ ಗಾಣದ ಎಣ್ಣೆ ಇಲ್ಲಿ ತನ್ನ ರುಚಿಯನ್ನೂ ಕೂಡಿಸುತ್ತದೆ. ಮಂಗಳೂರು, ಕಾಸರಗೋಡು ಕಡೆ ತೆಂಗಿನೆಣ್ಣೆಯಲ್ಲಿ, ಬಯಲುಸೀಮೆಯಲ್ಲಿ ಶೇಂಗಾ ಎಣ್ಣೆಯಲ್ಲಿ ಒಗ್ಗರಣೆ ಹಾಕುವುದರಿಂದ ಅದೇ ಬೇಳೆ ಸಾರಿಗೆ ಬೇರೆ ಬೇರೆ ಊರಿನ ರುಚಿ ಬರುತ್ತದೆ.

ತೊಂದರೆ ಬರುವುದು ಎಣ್ಣೆಯ ಪ್ರಮಾಣದಿಂದ. ಬಾಣಲೆಯಲ್ಲಿ ಒಂದು ಲೀಟರ್ ಎಣ್ಣೆ ಕಾಯಲು ಹಲವು ನಿಮಿಷ ಬೇಕು. ತೆಳುವಾದ ಒಗ್ಗರಣೆ ಸೌಟಿನಲ್ಲಿ ಎರಡು ಚಮಚ ಎಣ್ಣೆ ದೊಡ್ಡ ಉರಿಯಲ್ಲಿ ನೋಡನೋಡುತ್ತಿದ್ದಂತೆ ಹೊಗೆ ಬಿಂದು ದಾಟಿಬಿಡುತ್ತದೆ. ಹಾಗಾಗಿ ಉರಿ ಮಧ್ಯಮವಿರಲಿ, ಡಬ್ಬಿಗಳು ಕೈಗೆ ಸಿಗುವಂತಿರಲಿ. ಎಣ್ಣೆಯ ಮೇಲೆ ಸಣ್ಣ ಅಲೆಯಂತೆ ಮಿನುಗು ಕಂಡಾಗ ನಾಲ್ಕು ಕಾಳು ಸಾಸಿವೆ ಹಾಕಿ ನೋಡಿ. ಸಿಡಿದರೆ ಉಳಿದದ್ದನ್ನು ಹಾಕಿ. ಹೊಗೆ ಕಂಡ ಮೇಲೆ ಸಾಸಿವೆ ಹಾಕುವ ಅಭ್ಯಾಸವಿದ್ದರೆ ಬಿಡಿ. ಅಷ್ಟು ಬಿಸಿಯಲ್ಲಿ ಸಾಸಿವೆ ಸಿಡಿಯುವ ಮೊದಲೇ ಸುಡುತ್ತದೆ, ಹಿಂದೆಯೇ ಬರುವ ಒಣಮೆಣಸಿನಕಾಯಿ ಕಪ್ಪಾಗುತ್ತದೆ, ಇಂಗು ಕಹಿಯಾಗುತ್ತದೆ.

ಸಾಸಿವೆ ಸಿಡಿದ ಮೇಲೆ ಉದ್ದಿನಬೇಳೆ, ಅದು ಕೆಂಪಾದಾಗ ಮೆಣಸಿನಕಾಯಿ, ಆಮೇಲೆ ಒಲೆ ಆರಿಸಿ ಇಂಗು, ಕೊನೆಗೆ ಕರಿಬೇವು. ನಮ್ಮ ಅಜ್ಜಿಯಂದಿರ ಈ ಕ್ರಮದ ಹಿಂದೆ ಬಿಸಿಯ ಲೆಕ್ಕವೇ ಇದೆ. ಗಟ್ಟಿ ಕಾಳಿಗೆ ಹೆಚ್ಚು ಬಿಸಿ ಬೇಕು, ಪುಡಿಗೆ ಕಡಿಮೆ ಸಾಕು. ಹಸಿ ಕರಿಬೇವಿನ ನೀರು ಎಣ್ಣೆಯ ಬಿಸಿಯನ್ನು ಇಳಿಸಿ ಸುಡುವುದನ್ನು ಅಲ್ಲಿಗೇ ನಿಲ್ಲಿಸುತ್ತದೆ. ಬಿಸಿ ತಡೆಯುವುದೂ ಬೇಕು, ಪರಿಮಳವೂ ಬೇಕು ಎನ್ನುವವರಿಗೆ ಚೆನ್ನಾಗಿ ಸೋಸಿದ ತುಪ್ಪ ಒಗ್ಗರಣೆಗೆ ಹೇಳಿ ಮಾಡಿಸಿದಂತಿದೆ.

ಹಸಿಯಾಗಿ ಬಳಸಲು: ಇಲ್ಲಿ ಹೊಗೆ ಬಿಂದುವಿನ ಮಾತೇ ಬೇಡ

ಸಲಾಡ್ ಡ್ರೆಸಿಂಗ್ ಎಂದ ಕೂಡಲೇ ಆಲಿವ್ ಎಣ್ಣೆ ನೆನಪಾಗುತ್ತದೆ. ಆದರೆ ಎಣ್ಣೆಯನ್ನು ಹಸಿಯಾಗಿ ಸುರಿದುಕೊಂಡು ತಿನ್ನುವ ರೂಢಿ ನಮ್ಮಲ್ಲಿ ಹಳೆಯದು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿಗೆ, ಅಗಸಿ ಚಟ್ನಿಪುಡಿಗೆ ಕುಸುಬೆ ಎಣ್ಣೆ ಹಾಕಿಕೊಳ್ಳುತ್ತಾರೆ. ಆಂಧ್ರದಲ್ಲಿ ಬಿಸಿ ಅನ್ನಕ್ಕೆ ತೊಗರಿಬೇಳೆಯ ಕಂದಿ ಪೊಡಿ ಕಲಸುವಾಗ ತುಪ್ಪ ಇಲ್ಲವೇ ನುವ್ವುಲ ನೂನೆ, ಅಂದರೆ ಎಳ್ಳೆಣ್ಣೆ ಬೇಕು.

ಈ ಜಾಗದಲ್ಲಿ ಎಣ್ಣೆ ಕಾಯುವುದೇ ಇಲ್ಲ. ಆದ್ದರಿಂದ ಹೊಗೆ ಬಿಂದು ಎಷ್ಟಿದ್ದರೇನು? ರಿಫೈನ್ ಮಾಡದ ಕುಸುಬೆ ಎಣ್ಣೆಯ ಹೊಗೆ ಬಿಂದು ಪಟ್ಟಿಗಳಲ್ಲಿ 107 ಡಿಗ್ರಿಯ ಆಸುಪಾಸು ಎಂದಿದೆ, ಎಲ್ಲ ಎಣ್ಣೆಗಳ ಪೈಕಿ ತೀರಾ ಕೆಳಗೆ. ಅದೇ ಎಣ್ಣೆ ರೊಟ್ಟಿಯ ತಟ್ಟೆಯಲ್ಲಿ ಮೊದಲ ಸಾಲಿನಲ್ಲಿದೆ. ಅದನ್ನು ರಿಫೈನ್ ಮಾಡಿದರೆ ಹೊಗೆ ಬಿಂದು 230 ಡಿಗ್ರಿ ದಾಟುತ್ತದೆ, ಆದರೆ ಚಟ್ನಿಪುಡಿಗೆ ಬೇಕಾದ ಆ ವಾಸನೆ, ಆ ರುಚಿ ಇರುವುದಿಲ್ಲ. ಹೊಗೆ ಬಿಂದು ಏರಿತಲ್ಲ ಎಂದು ಗಂಟೆಗಟ್ಟಲೆ ಕರಿಯಲು ಹೋದರೆ, ಲಿನೋಲಿಕ್ ಆಮ್ಲ ತುಂಬಿರುವುದರಿಂದ ಅಲ್ಲೂ ಬೇಗ ಕೆಡುತ್ತದೆ. ಹೊಗೆ ಬಿಂದುವಿನ ಅಂಕಿ ನೋಡಿ ಮಾತ್ರ ಎಣ್ಣೆ ಆರಿಸಿದರೆ ಹೇಗೆ ದಾರಿ ತಪ್ಪುತ್ತೇವೆ ಎಂಬುದಕ್ಕೆ ಕುಸುಬೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆವಕಾಯಕ್ಕೆ ಎಳ್ಳೆಣ್ಣೆ ಬಳಸುವ ರೂಢಿಗೆ ರುಚಿಯ ಜೊತೆ ಇನ್ನೊಂದು ಕಾರಣವೂ ಇದೆ. ಎಳ್ಳೆಣ್ಣೆಯಲ್ಲಿ ಸೆಸಾಮಿನ್, ಸೆಸಾಮೋಲಿನ್‌ನಂಥ ವಸ್ತುಗಳು ಸಹಜವಾಗಿಯೇ ಇವೆ. ಎಳ್ಳೆಣ್ಣೆ ಬೇಗ ಕಮಟು ಹಿಡಿಯದಂತೆ ತಡೆಯುವುದರಲ್ಲಿ ಈ ಗುಂಪಿನ ವಸ್ತುಗಳದ್ದು ದೊಡ್ಡ ಪಾಲು. ಮಾವಿನ ಹೋಳುಗಳ ಮೇಲೆ ನಿಂತ ಎಣ್ಣೆಯ ಪದರ ಗಾಳಿಯನ್ನು ದೂರವಿಡುತ್ತದೆ, ತಾನೂ ಬೇಗ ಕೆಡುವುದಿಲ್ಲ. ಆದರೆ ಇದೇ ಎಳ್ಳೆಣ್ಣೆಯಲ್ಲಿ ಬಜ್ಜಿ ಕರಿಯಲು ಹೊರಟರೆ ಅನುಭವ ಬೇರೆ. ಗಾಣದಲ್ಲಿ ಎಳ್ಳು ಅರೆಯುವಾಗ ಬೆಲ್ಲ ಸೇರಿಸುವ ಪದ್ಧತಿ ಹಲವೆಡೆ ಇದೆ. ಹಾಗೆ ಉಳಿದ ಬೆಲ್ಲದ ಅಂಶ ಬಿಸಿಗೆ ಸುಟ್ಟು ಎಣ್ಣೆಯನ್ನು ಬೇಗ ಕಪ್ಪಾಗಿಸುತ್ತದೆ.

ಹಸಿ ಎಣ್ಣೆಗೆ ಶತ್ರು ಬಿಸಿಯಲ್ಲ, ಬೆಳಕು ಮತ್ತು ಗಾಳಿ. ಗಾಣದ ಎಣ್ಣೆಯನ್ನು ಒಂದು ತಿಂಗಳಿಗೆ ಬೇಕಾಗುವಷ್ಟು ಮಾತ್ರ ಕೊಂಡು, ಬಣ್ಣದ ಗಾಜು ಅಥವಾ ಸ್ಟೀಲಿನ ಪಾತ್ರೆಯಲ್ಲಿ, ಒಲೆಯಿಂದ ದೂರ ಇಡಿ. ಬಳಸುವ ಮೊದಲು ಒಂದು ಹನಿ ಅಂಗೈಯಲ್ಲಿ ಉಜ್ಜಿ ಮೂಸಿ. ಹಳೆಯ ಕೊಬ್ಬರಿಯಂಥ ಕಮಟು ಬಂದರೆ ಆ ಎಣ್ಣೆ ಯಾವ ಕೆಲಸಕ್ಕೂ ಬೇಡ, ಕಾಯಿಸಿದರೂ ಆ ವಾಸನೆ ಹೋಗುವುದಿಲ್ಲ. ಫ್ರಿಜ್‌ನಲ್ಲಿಡುವ ಸಲಾಡ್‌ಗೆ ತೆಂಗಿನೆಣ್ಣೆ ಹೊಂದುವುದಿಲ್ಲ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ ಸೌತೆಕಾಯಿಗೆ ಮೇಣದಂತೆ ಅಂಟುತ್ತದೆ. ಬಿಸಿ ಪಲ್ಯಕ್ಕೆ ಇಳಿಸುವ ಮುನ್ನ ಒಂದು ಚಮಚ ಹಸಿ ತೆಂಗಿನೆಣ್ಣೆ ಹಾಕುವುದು ಅದಕ್ಕೆ ಸರಿಯಾದ ಜಾಗ.

ಹಾಗಾದರೆ ಮನೆಯಲ್ಲಿ ಎಷ್ಟು ಎಣ್ಣೆ ಇರಬೇಕು?

ಎರಡು ಸಾಕು. ಕರಿಯುವುದಕ್ಕೆಂದು ರಿಫೈನ್ಡ್ ಶೇಂಗಾ ಅಥವಾ ಅಕ್ಕಿ ತವುಡಿನ ಎಣ್ಣೆಯ ಒಂದು ಪ್ಯಾಕೆಟ್, ಅದೂ ಕರಿಯುವ ವಾರಕ್ಕೆ ಮಾತ್ರ. ಒಗ್ಗರಣೆಗೂ, ಚಟ್ನಿಪುಡಿಗೂ, ಉಪ್ಪಿನಕಾಯಿಗೂ ನಿಮ್ಮ ಊರಿನ ರುಚಿಯ ಗಾಣದ ಎಣ್ಣೆಯ ಸಣ್ಣ ಬಾಟಲಿ. ಅದು ಶೇಂಗಾದ್ದೋ, ಎಳ್ಳಿನದ್ದೋ, ಕುಸುಬೆಯದ್ದೋ, ತೆಂಗಿನದ್ದೋ ನಿಮ್ಮ ನಾಲಿಗೆಗೆ ಬಿಟ್ಟದ್ದು. ಕುಸುಬೆಯಾದರೆ ಒಗ್ಗರಣೆಗೆ ಸಣ್ಣ ಉರಿಯಷ್ಟೇ ಇರಲಿ. ಯಾವ ಎಣ್ಣೆಯೇ ಆಗಲಿ, ಹೊಗೆ ಎದ್ದರೆ ಉರಿ ತಗ್ಗಿಸಿ. ಎಂದಿನ ಉರಿಯಲ್ಲೇ ಮತ್ತೆ ಮತ್ತೆ ಹೊಗೆ ಎದ್ದರೆ ಎಣ್ಣೆಯನ್ನೇ ಬದಲಿಸಿ.